ಅಕ್ಷರದಿಂದ ಅಂಕಿಗೆ: ಎಸ್‌ಜಿಪಿಎ ಲೆಕ್ಕದ ಹಾಳೆ

ಸೆಮಿಸ್ಟರ್ ಅಂಕಪಟ್ಟಿಯಲ್ಲಿ ಪ್ರತಿ ವಿಷಯದ ಎದುರಿಗೆ ಒಂದು ಅಕ್ಷರವೂ ಒಂದು ಸಣ್ಣ ಅಂಕಿಯೂ ಇರುತ್ತವೆ. ಅಕ್ಷರವೆಂದರೆ ವಿದ್ಯಾರ್ಥಿ ಪಡೆದ ಗ್ರೇಡ್, ಅಂಕಿ ಎಂದರೆ ಆ ವಿಷಯದ ಕ್ರೆಡಿಟ್. ಇವೆರಡನ್ನೂ ಸೇರಿಸಿ ಇಡೀ ಸೆಮಿಸ್ಟರ್‌ಗೆ ಕಟ್ಟುವ ಒಂದೇ ಸಂಖ್ಯೆ ಎಸ್‌ಜಿಪಿಎ, ಅಂದರೆ ಸೆಮಿಸ್ಟರ್‌ನ ಗ್ರೇಡ್ ಪಾಯಿಂಟ್ ಸರಾಸರಿ. ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಮುಗಿಯುವ ಲೆಕ್ಕ ಇದು. ಎಕ್ಸೆಲ್, ಗೂಗಲ್ ಶೀಟ್ಸ್ ಅಥವಾ ಲಿಬ್ರೆ ಆಫೀಸ್ ಕ್ಯಾಲ್ಕ್‌ನ ಹಾಳೆಯಲ್ಲಿ ಒಮ್ಮೆ ಸರಿಯಾಗಿ ಕಟ್ಟಿಟ್ಟರೆ ಮುಂದಿನ ಪ್ರತಿ ಸೆಮಿಸ್ಟರ್‌ಗೂ ಅದೇ ಸಾಕು. ಆದರೆ ತಪ್ಪಾಗಿ ಕಟ್ಟಿದ ಹಾಳೆಯೂ ನಂಬುವಂಥದ್ದೇ ಒಂದು ಸಂಖ್ಯೆಯನ್ನು ಕೊಡುತ್ತದೆ. ಆದ್ದರಿಂದ ಸೂತ್ರ ಏನು ಮಾಡುತ್ತದೆ ಎಂಬುದರ ಜೊತೆಗೆ ಅದು ಎಲ್ಲಿ ಸದ್ದಿಲ್ಲದೆ ಜಾರುತ್ತದೆ ಎಂಬುದನ್ನೂ ತಿಳಿದಿರಬೇಕು.

ಕ್ರೆಡಿಟ್ ಎಂದರೆ ವಿಷಯದ ತೂಕ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಮಾರ್ಗಸೂಚಿಯ ಪ್ರಕಾರ ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್. ಪ್ರಯೋಗಾಲಯದ ಕೆಲಸವಾದರೆ ಎರಡು ಗಂಟೆಗೆ ಒಂದು. ವಾರಕ್ಕೆ ನಾಲ್ಕು ಗಂಟೆ ಪಾಠವಿರುವ ಗಣಿತಕ್ಕೂ ಎರಡು ಕ್ರೆಡಿಟ್‌ನ ಪ್ರಯೋಗಕ್ಕೂ ಒಂದೇ ಬೆಲೆ ಕೊಡುವುದು ನ್ಯಾಯವಲ್ಲ ಎಂಬುದೇ ಈ ಪದ್ಧತಿಯ ತಿರುಳು. ಗ್ರೇಡ್‌ಗಳಿಗೆ ಅದೇ ಮಾರ್ಗಸೂಚಿ ಹತ್ತು ಪಾಯಿಂಟ್‌ಗಳ ಪ್ರಮಾಣವನ್ನು ಸೂಚಿಸುತ್ತದೆ. O ಗ್ರೇಡ್‌ಗೆ 10, A+ ಗೆ 9, A ಗೆ 8, B+ ಗೆ 7, B ಗೆ 6, C ಗೆ 5, ಉತ್ತೀರ್ಣ ಎಂಬುದನ್ನು ಸೂಚಿಸುವ P ಗೆ 4. ಅನುತ್ತೀರ್ಣಕ್ಕೆ F, ಗೈರುಹಾಜರಿಗೆ Ab, ಇವೆರಡಕ್ಕೂ ಸೊನ್ನೆ.

ಪ್ರತಿ ವಿಷಯದ ಕ್ರೆಡಿಟ್ಟನ್ನು ಅದರ ಗ್ರೇಡ್ ಪಾಯಿಂಟ್‌ನಿಂದ ಗುಣಿಸಬೇಕು. ಬಂದ ಗುಣಲಬ್ಧಗಳನ್ನೆಲ್ಲ ಕೂಡಿ, ಆ ಮೊತ್ತವನ್ನು ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಎಸ್‌ಜಿಪಿಎ. ದಿನಸಿ ಅಂಗಡಿಯ ಚೀಟಿಯ ಲೆಕ್ಕವೂ ಇದೇ. ನಾಲ್ಕು ಕಿಲೋ ಅಕ್ಕಿ, ಎರಡು ಕಿಲೋ ಬೇಳೆ ಕೊಂಡವರು ಕಿಲೋಗೆ ಸರಾಸರಿ ಎಷ್ಟು ಬಿತ್ತು ಎಂದು ನೋಡಬೇಕಾದರೆ ಅಕ್ಕಿಯ ದರ, ಬೇಳೆಯ ದರ ಎರಡನ್ನೂ ಕೂಡಿ ಎರಡರಿಂದ ಭಾಗಿಸುವುದಿಲ್ಲ. ತೂಕವನ್ನು ದರದಿಂದ ಗುಣಿಸಿ, ಬಿಲ್ಲಿನ ಮೊತ್ತ ತೆಗೆದು, ಆರು ಕಿಲೋದಿಂದ ಭಾಗಿಸುತ್ತಾರೆ. ಇಲ್ಲಿ ಕ್ರೆಡಿಟ್ ತೂಕ, ಗ್ರೇಡ್ ಪಾಯಿಂಟ್ ದರ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗುವುದು ಒಳ್ಳೆಯದು. ವಿಜ್ಞಾನ ಪದವಿಯ ಒಂದು ಸೆಮಿಸ್ಟರ್, ಏಳು ವಿಷಯ, ಒಟ್ಟು 22 ಕ್ರೆಡಿಟ್ ಎಂದು ಇಟ್ಟುಕೊಳ್ಳಬಹುದು. ಹಾಳೆಯ A ಕಾಲಂನಲ್ಲಿ ವಿಷಯ, B ಯಲ್ಲಿ ಕ್ರೆಡಿಟ್, C ಯಲ್ಲಿ ಅಂಕಪಟ್ಟಿಯಲ್ಲಿರುವ ಅಕ್ಷರ. D ಕಾಲಂ ಸದ್ಯಕ್ಕೆ ಖಾಲಿ. ಅಲ್ಲಿ ಗ್ರೇಡ್ ಪಾಯಿಂಟ್ ತಾನಾಗಿ ಬರಬೇಕು. ಮೊದಲ ಸಾಲು ತಲೆಬರಹಕ್ಕೆ ಮೀಸಲು; ಲೆಕ್ಕ ಎರಡನೆಯ ಸಾಲಿನಿಂದ ಎಂಟನೆಯ ಸಾಲಿನವರೆಗೆ.

| ಸಾಲು | ವಿಷಯ (A) | ಕ್ರೆಡಿಟ್ (B) | ಗ್ರೇಡ್ (C) |
|---|---|---|---|
| 2 | ಗಣಿತ | 4 | A+ |
| 3 | ಭೌತಶಾಸ್ತ್ರ | 4 | B+ |
| 4 | ಕಂಪ್ಯೂಟರ್ ವಿಜ್ಞಾನ | 4 | A |
| 5 | ಕನ್ನಡ | 3 | O |
| 6 | ಇಂಗ್ಲಿಷ್ | 3 | B |
| 7 | ಭೌತಶಾಸ್ತ್ರ ಪ್ರಯೋಗ | 2 | A+ |
| 8 | ಕಂಪ್ಯೂಟರ್ ಪ್ರಯೋಗ | 2 | O |

ಕಂಪ್ಯೂಟರ್‌ಗೆ A+ ಎಂದರೆ 9 ಎಂದು ಗೊತ್ತಿಲ್ಲ. ಅದನ್ನು ತಿಳಿಸಲು ಅದೇ ಹಾಳೆಯ ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಬೇಕು. G2 ರಿಂದ G10 ರವರೆಗೆ ಒಂಬತ್ತು ಅಕ್ಷರಗಳು: O, A+, A, B+, B, C, P, F, Ab. ಅವುಗಳ ಬಲಕ್ಕೆ H2 ರಿಂದ H10 ರವರೆಗೆ 10, 9, 8, 7, 6, 5, 4, 0, 0. ಸೂತ್ರಗಳು ಹುಡುಕಿ ನೋಡುವ ಪಟ್ಟಿ ಇದೇ.

ಪಟ್ಟಿಯ ಗೋಜಿಲ್ಲದೆ ಸೂತ್ರದೊಳಗೇ IF ಮೇಲೆ IF ಪೋಣಿಸಿ, A+ ಆದರೆ 9, ಇಲ್ಲವೇ A ಆದರೆ 8 ಎಂದು ಉದ್ದಕ್ಕೆ ಬರೆಯುವವರೂ ಇದ್ದಾರೆ. ಕೆಲಸವೇನೋ ಆಗುತ್ತದೆ. ಆದರೆ ಅಂಥ ಸೂತ್ರದಲ್ಲಿ ಒಂದು ಅಂಕಿ ತಪ್ಪಿದರೆ ಅದು ಕಣ್ಣಿಗೆ ಬೀಳುವುದಿಲ್ಲ. ಪಟ್ಟಿಯಾದರೆ ವಿಶ್ವವಿದ್ಯಾಲಯದ ನಿಯಮದ ಪುಟವನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ಸಾಲನ್ನು ತಾಳೆ ನೋಡಬಹುದು. ಅಕ್ಷರಗಳ ಅರ್ಥ ಎಲ್ಲ ಕಡೆ ಒಂದೇ ಅಲ್ಲ ಎಂಬುದು ಇನ್ನೂ ದೊಡ್ಡ ಕಾರಣ. ಯುಜಿಸಿ ಪ್ರಮಾಣದಲ್ಲಿ A ಎಂದರೆ 8, ಅಮೆರಿಕದ ನಾಲ್ಕು ಪಾಯಿಂಟ್‌ಗಳ ಪ್ರಮಾಣದಲ್ಲಿ ಅದೇ A ಎಂದರೆ 4. ಮುಂಬಯಿಯ ಐಐಟಿಯಲ್ಲಿ ಗ್ರೇಡ್‌ಗಳೇ AA, AB, BB ಎಂದು ಜೋಡಿ ಅಕ್ಷರಗಳಲ್ಲಿ ಇರುತ್ತವೆ. ಹಾಳೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದಾಗ ಬದಲಾಗಬೇಕಾದದ್ದು G ಮತ್ತು H ಕಾಲಂ ಮಾತ್ರ. ಸೂತ್ರಗಳನ್ನು ಮುಟ್ಟುವ ಅಗತ್ಯವಿಲ್ಲ.

ಇನ್ನು D2 ಸೆಲ್‌ನಲ್ಲಿ ಬರೆಯಬೇಕಾದ ಸೂತ್ರ:

```
=VLOOKUP(C2,$G$2:$H$10,2,FALSE)
```

ಇದನ್ನು ಬಿಡಿಸಿ ಓದಿದರೆ ಹೀಗೆ: C2 ನಲ್ಲಿರುವ ಅಕ್ಷರವನ್ನು ಹಿಡಿದುಕೊಂಡು ಪಟ್ಟಿಯ ಮೊದಲ ಕಾಲಂನಲ್ಲಿ ಮೇಲಿನಿಂದ ಕೆಳಗೆ ಹುಡುಕು, ಸಿಕ್ಕ ಸಾಲಿನ ಎರಡನೆಯ ಕಾಲಂನಲ್ಲಿರುವ ಅಂಕಿಯನ್ನು ಕೊಡು, ಅಕ್ಷರ ಪೂರ್ತಿ ಹೊಂದಿದರೆ ಮಾತ್ರ ಒಪ್ಪು. D2 ನಲ್ಲಿ 9 ಬರುತ್ತದೆ. ಅದನ್ನು D8 ರವರೆಗೆ ಕೆಳಗೆ ಎಳೆದರೆ 7, 8, 10, 6, 9, 10 ಕ್ರಮವಾಗಿ ತುಂಬಿಕೊಳ್ಳುತ್ತವೆ.

ಇಲ್ಲಿ ಡಾಲರ್ ಚಿಹ್ನೆ ಅಲಂಕಾರಕ್ಕಲ್ಲ. ಸೂತ್ರವನ್ನು ಕೆಳಗೆ ಎಳೆದಾಗ C2 ಎಂಬುದು C3, C4 ಎಂದು ಇಳಿಯಬೇಕು, ಆದರೆ ಪಟ್ಟಿ ಇದ್ದಲ್ಲೇ ಇರಬೇಕು. ಡಾಲರ್ ಇಲ್ಲದಿದ್ದರೆ ಪಟ್ಟಿಯ ವ್ಯಾಪ್ತಿಯೂ ಸಾಲಿಗೊಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ. ಐದನೆಯ ಸಾಲಿಗೆ ಬರುವ ಹೊತ್ತಿಗೆ ಹುಡುಕಾಟ G5 ರಿಂದ ಶುರುವಾಗಿ O, A+, A ಮೂರೂ ಹೊರಗುಳಿದಿರುತ್ತವೆ. ಹಾಗಾಗಿ ಮೇಲಿನ ಉದಾಹರಣೆಯಲ್ಲಿ ಕನ್ನಡ ಮತ್ತು ಎರಡೂ ಪ್ರಯೋಗಗಳ ಎದುರು #N/A ಬರುತ್ತದೆ. ಉಳಿದ ವಿಷಯಗಳ ಉತ್ತರ ಸರಿಯಾಗಿಯೇ ಇರುತ್ತದೆ. ಕೆಳಗಿನ ಸಾಲುಗಳಲ್ಲಿ ಒಳ್ಳೆಯ ಗ್ರೇಡ್‌ಗಳಿಗೆ ಮಾತ್ರ ದೋಷ ಕಾಣಿಸಿದರೆ ಮೊದಲು ನೋಡಬೇಕಾದದ್ದು ಡಾಲರ್ ಚಿಹ್ನೆಯನ್ನು.

ಕೊನೆಯ FALSE ಇದಕ್ಕಿಂತಲೂ ಮುಖ್ಯ. ಅದನ್ನು ಬಿಟ್ಟರೆ VLOOKUP ಅಂದಾಜು ಹೊಂದಿಕೆಗೆ ಇಳಿಯುತ್ತದೆ. ಪಟ್ಟಿ ಏರಿಕೆ ಕ್ರಮದಲ್ಲಿ ಇದೆ ಎಂದು ನಂಬಿ, ನಿಘಂಟಿನಲ್ಲಿ ಪದ ಹುಡುಕುವವರ ಹಾಗೆ ಪಟ್ಟಿಯ ನಡುವಿಗೆ ಹೋಗಿ, ಮುಂದಕ್ಕೋ ಹಿಂದಕ್ಕೋ ಎಂದು ತೀರ್ಮಾನಿಸುತ್ತದೆ. ಗ್ರೇಡ್‌ಗಳ ಪಟ್ಟಿಯಾದರೋ ಯೋಗ್ಯತೆಯ ಕ್ರಮದಲ್ಲಿ ಇದೆ, ಅಕ್ಷರಮಾಲೆಯ ಕ್ರಮದಲ್ಲಿ ಇಲ್ಲ. O ಮೊದಲು, F ಕೊನೆಗೆ. F ಅನ್ನು ಹುಡುಕುತ್ತಾ ಹೋದ ಸೂತ್ರ ನಡುವೆ P ಯನ್ನು ಕಂಡರೆ, P ಅಕ್ಷರಮಾಲೆಯಲ್ಲಿ F ನ ಆಚೆ ಇದೆ ಎಂದು ಹಿಂದಕ್ಕೆ ಹೊರಳುತ್ತದೆ. ಅಲ್ಲಿ C ಸಿಗುತ್ತದೆ. ಅದೇ ಹತ್ತಿರದ್ದು ಎಂದು 5 ಪಾಯಿಂಟ್ ಕೊಟ್ಟುಬಿಡುತ್ತದೆ. ಅನುತ್ತೀರ್ಣನಾದವನಿಗೆ C ಗ್ರೇಡ್‌ನ ಪಾಯಿಂಟ್ ಸಿಕ್ಕಂತಾಯಿತು, ಪರದೆಯ ಮೇಲೆ ಯಾವ ಎಚ್ಚರಿಕೆಯೂ ಇಲ್ಲ. ಅಂದಾಜು ಹೊಂದಿಕೆಗೂ ಅದರದೇ ಜಾಗವಿದೆ: ಅಂಕಗಳ ಶ್ರೇಣಿಯಿಂದ ಗ್ರೇಡ್ ಕಂಡುಹಿಡಿಯುವಾಗ, ಅಂದರೆ ಇಷ್ಟರಿಂದ ಇಷ್ಟರವರೆಗೆ ಈ ಗ್ರೇಡ್ ಎನ್ನುವಾಗ, ಅದೇ ಬೇಕು. ಅಕ್ಷರದಿಂದ ಪಾಯಿಂಟ್ ತೆಗೆಯುವಾಗ ಅದು ಸಲ್ಲದು.

ಪ್ಲಸ್ ಚಿಹ್ನೆಯಿಂದ ಲಿಬ್ರೆ ಆಫೀಸ್‌ನಲ್ಲಿ ಒಂದು ವಿಚಿತ್ರ ತೊಂದರೆ ಹುಟ್ಟುತ್ತದೆ. ಕ್ಯಾಲ್ಕ್‌ನ ಸೂತ್ರಗಳಲ್ಲಿ ಹುಡುಕುವ ಪದವನ್ನು ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂದು ಓದುವ ಒಂದು ಆಯ್ಕೆ ಇದೆ. ಅದು ಚಾಲೂ ಇದ್ದರೆ ಪ್ಲಸ್ ಎಂಬುದು ಗ್ರೇಡ್‌ನ ಭಾಗವಾಗಿ ಉಳಿಯುವುದಿಲ್ಲ. ‘ಹಿಂದಿನ ಅಕ್ಷರ ಒಂದು ಅಥವಾ ಹೆಚ್ಚು ಬಾರಿ’ ಎಂಬ ಸಂಕೇತವಾಗುತ್ತದೆ. ಆಗ A+ ಎಂಬ ಹುಡುಕಾಟ A+ ಎಂದು ಬರೆದ ಸೆಲ್ಲನ್ನು ದಾಟಿ, ಬರೀ A ಇರುವ ಸೆಲ್‌ಗೆ ಹೊಂದಿಕೊಂಡು 8 ಕೊಡುತ್ತದೆ. B+ ಕೂಡ ಹಾಗೆಯೇ B ಆಗಿ 6 ಕೊಡುತ್ತದೆ. ನಮ್ಮ ಉದಾಹರಣೆಯಲ್ಲಿ ಗಣಿತ, ಭೌತಶಾಸ್ತ್ರ, ಭೌತಶಾಸ್ತ್ರ ಪ್ರಯೋಗ ಮೂರರಲ್ಲೂ ಒಂದೊಂದು ಪಾಯಿಂಟ್ ಹೋಗಿ, 8.27 ಬರಬೇಕಾದಲ್ಲಿ 7.82 ಬರುತ್ತದೆ. ಈ ಆಯ್ಕೆ ಕಡತದ ಜೊತೆಗೇ ಉಳಿಯುವುದರಿಂದ ಹಳೆಯ ಹಾಳೆಯನ್ನು ಯಾರಿಂದಲೋ ಪಡೆದು ಬಳಸುವವರು ಒಮ್ಮೆ ನೋಡಿಕೊಳ್ಳಬೇಕು. `Tools > Options > LibreOffice Calc > Calculate` ಎಂಬಲ್ಲಿಗೆ ಹೋಗಿ `No wildcards or regular expressions in formulas` ಎಂಬುದನ್ನು ಆರಿಸಿದರೆ ಪ್ಲಸ್ ಮತ್ತೆ ಪ್ಲಸ್ ಆಗುತ್ತದೆ. ಎಕ್ಸೆಲ್‌ನಲ್ಲಿ ಈ ಕಾಟ ಇಲ್ಲ; ಅಲ್ಲಿ VLOOKUP ಗೆ ಪ್ಲಸ್ ಒಂದು ಸಾಮಾನ್ಯ ಚಿಹ್ನೆ.

ಪಾಯಿಂಟ್‌ಗಳು ಸರಿಯಾಗಿ ಬಂದ ಮೇಲೆ ಉಳಿದದ್ದು ಒಂದೇ ಸಾಲು:

```
=SUMPRODUCT(B2:B8,D2:D8)/SUM(B2:B8)
```

SUMPRODUCT ಹೆಸರೇ ಅದರ ಕೆಲಸವನ್ನು ಹೇಳುತ್ತದೆ: ಮೊದಲು ಗುಣಿಸು, ಆಮೇಲೆ ಕೂಡು. ಅದು B2 ವನ್ನು D2 ನಿಂದ, B3 ಯನ್ನು D3 ಯಿಂದ ಹೀಗೆ ಜೋಡಿ ಜೋಡಿಯಾಗಿ ಗುಣಿಸಿ, ಏಳು ಗುಣಲಬ್ಧಗಳನ್ನೂ ಕೂಡುತ್ತದೆ. ಗಣಿತ 36, ಭೌತಶಾಸ್ತ್ರ 28, ಕಂಪ್ಯೂಟರ್ ವಿಜ್ಞಾನ 32, ಕನ್ನಡ 30, ಇಂಗ್ಲಿಷ್ 18, ಎರಡು ಪ್ರಯೋಗಗಳಿಗೆ 18 ಮತ್ತು 20. ಒಟ್ಟು 182. ಕ್ರೆಡಿಟ್ ಮೊತ್ತ 22. ಭಾಗಿಸಿದರೆ 8.2727 ಎಂದು ಮುಂದುವರಿಯುತ್ತದೆ. ಎರಡು ದಶಮಾಂಶಕ್ಕೆ 8.27.

ಕ್ರೆಡಿಟ್ ಮರೆತು ಏಳು ಪಾಯಿಂಟ್‌ಗಳ ಸರಳ ಸರಾಸರಿ ತೆಗೆದರೆ 59 ನ್ನು 7 ರಿಂದ ಭಾಗಿಸಿ 8.43 ಬರುತ್ತದೆ. ಹೆಚ್ಚು ಬಂದದ್ದು ಹೇಗೆ ಎಂಬುದು ಪಟ್ಟಿಯಲ್ಲೇ ಇದೆ. ಈ ವಿದ್ಯಾರ್ಥಿಗೆ ಪ್ರಯೋಗಗಳಲ್ಲಿ A+ ಮತ್ತು O ಸಿಕ್ಕಿವೆ, ಆದರೆ ಅವುಗಳ ತೂಕ ಎರಡೆರಡೇ ಕ್ರೆಡಿಟ್. ನಾಲ್ಕು ಕ್ರೆಡಿಟ್‌ನ ಭೌತಶಾಸ್ತ್ರದಲ್ಲಿ B+ ಬಂದಿದೆ. ಸರಳ ಸರಾಸರಿ ಎರಡಕ್ಕೂ ಸಮ ಬೆಲೆ ಕಟ್ಟುತ್ತದೆ. ಎಸ್‌ಜಿಪಿಎ ಕಟ್ಟುವುದಿಲ್ಲ.

ಎರಡು ವ್ಯಾಪ್ತಿಗಳ ಉದ್ದ ಬೇರೆಯಾದರೆ, ಉದಾಹರಣೆಗೆ B2:B8 ಜೊತೆಗೆ D2:D7 ಎಂದು ಬರೆದರೆ, SUMPRODUCT ಲೆಕ್ಕ ಮಾಡಲು ಒಪ್ಪದೆ #VALUE! ಎನ್ನುತ್ತದೆ. ಇದು ಒಳ್ಳೆಯ ಗುಣ. ಉದ್ದ ಒಂದೇ ಆಗಿದ್ದು ಒಂದು ಸಾಲು ಜಾರಿದರೆ ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. D3:D9 ಎಂದು ಬರೆದ ಹಾಳೆ ಗಣಿತದ ಕ್ರೆಡಿಟ್ಟನ್ನು ಭೌತಶಾಸ್ತ್ರದ ಪಾಯಿಂಟ್‌ನಿಂದ ಗುಣಿಸುತ್ತಾ ಹೋಗಿ ಕೊನೆಗೆ 7.50 ಎಂದು ನೇರವಾಗಿ ಹೇಳುತ್ತದೆ.

ಆದರೂ ಈ ಲೆಕ್ಕದಲ್ಲಿ ಹೆಚ್ಚು ಕಾಡುವುದು ಸಂಖ್ಯೆಯಂತೆ ಕಾಣುವ ಪಠ್ಯ. ಅಂಕಪಟ್ಟಿಯನ್ನು ಪಿಡಿಎಫ್‌ನಿಂದಲೋ ಫಲಿತಾಂಶದ ಪುಟದಿಂದಲೋ ಕಾಪಿ ಮಾಡಿ ಹಾಳೆಗೆ ಅಂಟಿಸಿದಾಗ ಕೆಲವು ಕ್ರೆಡಿಟ್‌ಗಳು ಪಠ್ಯವಾಗಿ ಕೂರುತ್ತವೆ. ನೋಡಲು 3, ಆದರೆ ಹಾಳೆಯ ಪಾಲಿಗೆ ಅದು ಒಂದು ಅಕ್ಷರ. ಅಲ್ಪವಿರಾಮದಿಂದ ವ್ಯಾಪ್ತಿಗಳನ್ನು ಬೇರ್ಪಡಿಸಿ ಬರೆದ SUMPRODUCT ಇಂಥ ಪಠ್ಯವನ್ನು ಸೊನ್ನೆ ಎಂದು ಎಣಿಸುತ್ತದೆ. SUM ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ಆ ವಿಷಯ ಮೇಲಿನ ಮೊತ್ತದಿಂದಲೂ ಕೆಳಗಿನ ಮೊತ್ತದಿಂದಲೂ ಒಟ್ಟಿಗೇ ಮಾಯವಾಗುತ್ತದೆ. ಬರುವ ಉತ್ತರ ಉಳಿದ ಆರು ವಿಷಯಗಳ ಎಸ್‌ಜಿಪಿಎ; ನೋಡಿದವರಿಗೆ ಅದರಲ್ಲಿ ಏನೂ ಅಸಹಜ ಕಾಣುವುದಿಲ್ಲ.

ಕನ್ನಡದ 3 ಪಠ್ಯವಾಗಿದ್ದರೆ 182 ರಲ್ಲಿ 30 ಹೋಗಿ 152, ಕ್ರೆಡಿಟ್ 22 ರಲ್ಲಿ 3 ಹೋಗಿ 19. ಉತ್ತರ ಸರಿಯಾಗಿ 8.00. ಇಂಗ್ಲಿಷ್‌ನ 3 ಪಠ್ಯವಾಗಿದ್ದರೆ 164 ನ್ನು 19 ರಿಂದ ಭಾಗಿಸಿ 8.63. ಒಂದು ಕಡೆ ಇಳಿಯಿತು, ಇನ್ನೊಂದು ಕಡೆ ಏರಿತು. ಏರಿದಾಗ ಯಾರೂ ಮತ್ತೆ ಪರೀಕ್ಷಿಸಲು ಹೋಗುವುದಿಲ್ಲ ಎಂಬುದೇ ಇಲ್ಲಿನ ಅಪಾಯ. ಗುರುತಿಸಲು ಮೊದಲ ಸುಳಿವು ಸೆಲ್‌ನ ಅಂಚು: ಸಂಖ್ಯೆ ಸಾಮಾನ್ಯವಾಗಿ ಬಲಕ್ಕೆ ಅಂಟಿಕೊಂಡಿರುತ್ತದೆ, ಪಠ್ಯ ಎಡಕ್ಕೆ. ನಡುವಿಗೆ ಜೋಡಿಸಿದ ಹಾಳೆಯಲ್ಲಿ ಈ ಸುಳಿವೂ ಇರುವುದಿಲ್ಲ. ಹಾಗಾಗಿ ಇನ್ನೊಂದು ಸೆಲ್‌ನಲ್ಲಿ ಈ ಪರೀಕ್ಷೆ ಇಡುವುದು ಲೇಸು:

```
=COUNT(B2:B8)=COUNTA(B2:B8)
```

COUNT ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ, COUNTA ಖಾಲಿಯಲ್ಲದ ಎಲ್ಲವನ್ನೂ. ಎರಡೂ ಸಮವಾದರೆ TRUE, ಯಾವುದೋ ಒಂದು ಪಠ್ಯವಾಗಿದ್ದರೆ FALSE. ಇದರ ಜೊತೆಗೆ SUM(B2:B8) ಎಷ್ಟು ಬಂತು ಎಂಬುದನ್ನು ಪ್ರತ್ಯೇಕವಾಗಿ ತೋರಿಸಿ, ಅಂಕಪಟ್ಟಿಯ ಒಟ್ಟು ಕ್ರೆಡಿಟ್ ಜೊತೆ ತಾಳೆ ನೋಡಬೇಕು. ದೋಷ ಸಿಕ್ಕಿದ ಸೆಲ್‌ನಲ್ಲಿ ಅಂಕಿಯನ್ನು ಅಳಿಸಿ, ಸೆಲ್ಲಿನ ನಮೂನೆಯನ್ನು ಸಂಖ್ಯೆಗೆ ಬದಲಿಸಿ, ಕೈಯಿಂದ ಮತ್ತೆ ಟೈಪ್ ಮಾಡಿದರೆ ಸಾಕು. ಅಲ್ಪವಿರಾಮದ ಬದಲು ಗುಣಾಕಾರದ ಚಿಹ್ನೆ ಹಾಕಿ SUMPRODUCT(B2:B8*D2:D8) ಎಂದು ಬರೆಯುವ ರೂಢಿಯೂ ಇದೆ. ಅಲ್ಲಿ ಪಠ್ಯರೂಪದ 3 ಅನ್ನು ಎಕ್ಸೆಲ್ ಸಂಖ್ಯೆಯಾಗಿ ಓದಿಕೊಂಡು ಮೇಲಿನ ಮೊತ್ತ 182 ಸರಿಯಾಗಿಯೇ ಬರುತ್ತದೆ, ಆದರೆ ಕೆಳಗಿನ SUM ಮಾತ್ರ 19 ರಲ್ಲೇ ನಿಲ್ಲುತ್ತದೆ. ಉತ್ತರ 9.58. ಸೂತ್ರದ ಒಂದು ಅರ್ಧ ಸರಿಯಾದದ್ದರಿಂದ ತಪ್ಪು ಇನ್ನೂ ದೊಡ್ಡದಾಯಿತು.

ಅಕ್ಷರದ ಕಾಲಂನಲ್ಲೂ ಅಂಟಿಸಿದ ಮಾಹಿತಿಯ ಕೊಳೆ ಉಳಿಯುತ್ತದೆ. ‘A+’ ಆದ ಮೇಲೆ ಒಂದು ಖಾಲಿ ಜಾಗ ಸೇರಿದ್ದರೆ ಕಣ್ಣಿಗೆ ಕಾಣದು, ಆದರೆ VLOOKUP ಗೆ ಅದು ಬೇರೆ ಪದ, #N/A ಕೊಡುತ್ತದೆ. ಸಣ್ಣ ಅಕ್ಷರದಲ್ಲಿ a+ ಎಂದು ಬರೆದರೆ ತೊಂದರೆಯಿಲ್ಲ, ದೊಡ್ಡದು ಸಣ್ಣದು ಎಂಬ ಭೇದವನ್ನು ಅದು ಮಾಡುವುದಿಲ್ಲ. ಹಿಂದೆ ಮುಂದೆ ಅಂಟಿದ ಖಾಲಿ ಜಾಗವನ್ನು ಕಳೆಯಲು ಸೂತ್ರದಲ್ಲಿ C2 ಬದಲು TRIM(C2) ಎಂದು ಬರೆಯಬಹುದು. ಇನ್ನೂ ಒಳ್ಳೆಯ ದಾರಿ ಎಂದರೆ `Data Validation` ಮೂಲಕ C ಕಾಲಂಗೆ G2:G10 ಪಟ್ಟಿಯನ್ನೇ ಕಟ್ಟಿಹಾಕುವುದು. ಆಗ ಗ್ರೇಡನ್ನು ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸಬಹುದು.

#N/A ನೋಡಲು ಕೊಳಕಾಗಿ ಕಾಣುತ್ತದೆ ಎಂದು ಅದನ್ನು IFERROR ಒಳಗೆ ಸುತ್ತಿ ಸೊನ್ನೆ ಮಾಡುವವರಿದ್ದಾರೆ. ಹಾಗೆ ಮಾಡಬಾರದು. ಗಣಿತದ ಎದುರು ಖಾಲಿ ಜಾಗ ಸೇರಿ ಹೊಂದಿಕೆ ತಪ್ಪಿದಾಗ #N/A ಇದ್ದರೆ ಎಸ್‌ಜಿಪಿಎ ಸೆಲ್ಲೂ #N/A ಆಗುತ್ತದೆ, ಲೆಕ್ಕ ಹಾಕುವವರು ನಿಂತು ಹುಡುಕುತ್ತಾರೆ. ಸೊನ್ನೆಯಾದರೆ 182 ರಲ್ಲಿ 36 ಸದ್ದಿಲ್ಲದೆ ಕಳೆದು 6.64 ಬರುತ್ತದೆ. A+ ಪಡೆದ ವಿದ್ಯಾರ್ಥಿ F ಪಡೆದವನಂತೆ ಲೆಕ್ಕಕ್ಕೆ ಸೇರುತ್ತಾನೆ. ದೋಷ ಕಾಣಿಸುವ ಹಾಳೆ ದೋಷ ಮುಚ್ಚುವ ಹಾಳೆಗಿಂತ ಯಾವತ್ತೂ ಉತ್ತಮ.

D ಕಾಲಂ ಇಲ್ಲದೆಯೇ ಎಲ್ಲವನ್ನೂ ಒಂದೇ ಸೆಲ್‌ನಲ್ಲಿ ಮುಗಿಸುವ ದಾರಿಯೂ ಇದೆ. ಹೊಸ ಎಕ್ಸೆಲ್‌ನಲ್ಲಿ XLOOKUP ಏಳೂ ಅಕ್ಷರಗಳನ್ನು ಒಟ್ಟಿಗೆ ತೆಗೆದುಕೊಂಡು ಏಳು ಪಾಯಿಂಟ್‌ಗಳನ್ನು SUMPRODUCT ಕೈಗೆ ಕೊಡುತ್ತದೆ:

```
=SUMPRODUCT(B2:B8,XLOOKUP(C2:C8,G2:G10,H2:H10))/SUM(B2:B8)
```

XLOOKUP ಹೇಳದೆಯೇ ಪೂರ್ತಿ ಹೊಂದಿಕೆಯನ್ನು ಹುಡುಕುವುದರಿಂದ ಇಲ್ಲಿ FALSE ಬೇಕಿಲ್ಲ, ಸಿಗದ ಅಕ್ಷರಕ್ಕೆ #N/A ಬರುತ್ತದೆ. ಹಳೆಯ ಎಕ್ಸೆಲ್‌ನಲ್ಲಿ XLOOKUP ಇಲ್ಲ. ಅಲ್ಲಿ ಅದೇ ಜಾಗದಲ್ಲಿ SUMIF(G2:G10,C2:C8,H2:H10) ಎಂದು ಬರೆದರೂ ನಡೆಯುತ್ತದೆ. ಪ್ರತಿ ಅಕ್ಷರ ಪಟ್ಟಿಯಲ್ಲಿ ಒಂದೇ ಸಲ ಇರುವುದರಿಂದ ಅದರ ‘ಮೊತ್ತ’ ಎಂದರೆ ಅದರ ಪಾಯಿಂಟೇ. ಆದರೆ SUMIF ಸಿಗದ ಅಕ್ಷರಕ್ಕೆ ಸೊನ್ನೆ ಕೊಡುತ್ತದೆ, ಅಂದರೆ ಮೇಲೆ ಹೇಳಿದ IFERROR ನ ದೋಷ ಅದರೊಳಗೇ ಇದೆ. ಸಾಮಾನ್ಯ ಬಳಕೆಗೆ D ಕಾಲಂ ಇರುವ ಹಾಳೆಯೇ ವಾಸಿ. ಪ್ರತಿ ವಿಷಯಕ್ಕೆ ಎಷ್ಟು ಪಾಯಿಂಟ್ ಬಂತು ಎಂಬುದು ಅಲ್ಲಿ ಕಣ್ಣೆದುರಿಗೆ ಇರುತ್ತದೆ.

ಇನ್ನು ಸೂತ್ರಕ್ಕಿಂತ ನಿಯಮಕ್ಕೆ ಸೇರಿದ ಒಂದು ಪ್ರಶ್ನೆ: ಅನುತ್ತೀರ್ಣವಾದ ವಿಷಯದ ಕ್ರೆಡಿಟ್ ಕೆಳಗಿನ ಮೊತ್ತದಲ್ಲಿ ಇರಬೇಕೇ? ಯುಜಿಸಿಯ ಸೂತ್ರದಲ್ಲಿ ಮೇಲಿನ ಮೊತ್ತಕ್ಕೂ ಕೆಳಗಿನ ಮೊತ್ತಕ್ಕೂ ವಿದ್ಯಾರ್ಥಿ ತೆಗೆದುಕೊಂಡ ಎಲ್ಲ ವಿಷಯಗಳೂ ಸೇರುತ್ತವೆ. ಉದಾಹರಣೆಯ ವಿದ್ಯಾರ್ಥಿಗೆ ಭೌತಶಾಸ್ತ್ರದಲ್ಲಿ B+ ಬದಲು F ಬಂದಿದ್ದರೆ 182 ರಲ್ಲಿ 28 ಹೋಗಿ 154, ಕ್ರೆಡಿಟ್ 22 ಹಾಗೆಯೇ ಉಳಿದು, ಎಸ್‌ಜಿಪಿಎ 7.00. ‘ಫೇಲಾದದ್ದು ಲೆಕ್ಕಕ್ಕಿಲ್ಲ’ ಎಂದು ಆ ಸಾಲನ್ನೇ ಅಳಿಸಿದರೆ 154 ನ್ನು 18 ರಿಂದ ಭಾಗಿಸಿ 8.56 ಬರುತ್ತದೆ, ಎಲ್ಲದರಲ್ಲೂ ಪಾಸಾದಾಗ ಬಂದ 8.27 ಕ್ಕಿಂತ ಹೆಚ್ಚು! ಇಂಥ ಅಸಂಬದ್ಧ ಬರಬಾರದೆಂದೇ ಸೊನ್ನೆ ಪಾಯಿಂಟ್‌ನ ವಿಷಯ ತನ್ನ ಕ್ರೆಡಿಟ್‌ನ ಸಮೇತ ಹಾಳೆಯಲ್ಲಿ ಇರಬೇಕು. ಕ್ರೆಡಿಟ್ಟೇ ಇಲ್ಲದ ಕಡ್ಡಾಯ ವಿಷಯಗಳ ಮಾತು ಬೇರೆ. B ಕಾಲಂನಲ್ಲಿ 0 ಎಂದು ಬರೆದರೆ ಅವು ಎರಡೂ ಮೊತ್ತಗಳಿಗೆ ಏನನ್ನೂ ಸೇರಿಸುವುದಿಲ್ಲ. ಆದರೆ ಅವುಗಳ ಗ್ರೇಡ್ ಪಟ್ಟಿಯಲ್ಲಿ ಇಲ್ಲದ ಅಕ್ಷರವಾದರೆ #N/A ಬಂದು ಇಡೀ ಲೆಕ್ಕ ನಿಲ್ಲುತ್ತದೆ. ಅಂಥ ಅಕ್ಷರವನ್ನು G ಕಾಲಂಗೆ ಸೊನ್ನೆಯೊಂದಿಗೆ ಸೇರಿಸಿ, ಎಲ್ಲ ಸೂತ್ರಗಳಲ್ಲಿ ಪಟ್ಟಿಯ ವ್ಯಾಪ್ತಿಯನ್ನು ಒಂದು ಸಾಲು ಹಿಗ್ಗಿಸಬೇಕು.

ದಶಮಾಂಶದ ವಿಚಾರದಲ್ಲಿ ತೋರಿಕೆ ಬೇರೆ, ಬೆಲೆ ಬೇರೆ. ಸೆಲ್ಲಿನ ನಮೂನೆ ಬದಲಿಸಿ ಒಂದು ದಶಮಾಂಶ ಮಾತ್ರ ತೋರಿಸಿದರೆ 175 ನ್ನು 22 ರಿಂದ ಭಾಗಿಸಿದ 7.9545 ಪರದೆಯ ಮೇಲೆ 8.0 ಎಂದು ಕಾಣುತ್ತದೆ, ಆದರೆ ‘8 ಅಥವಾ ಹೆಚ್ಚೇ’ ಎಂದು ಇನ್ನೊಂದು ಸೂತ್ರ ಕೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ. ಯುಜಿಸಿ ಮಾರ್ಗಸೂಚಿ ಎರಡು ದಶಮಾಂಶಕ್ಕೆ ಸರಿಗಟ್ಟಲು ಹೇಳುತ್ತದೆ. ಅದನ್ನು ಕೊನೆಯ ಸೆಲ್‌ನಲ್ಲಿ, ಒಮ್ಮೆ ಮಾತ್ರ, ROUND ನಿಂದ ಮಾಡಬೇಕು:

```
=ROUND(SUMPRODUCT(B2:B8,D2:D8)/SUM(B2:B8),2)
```

ಎಲ್ಲ ಸೆಮಿಸ್ಟರ್‌ಗಳನ್ನು ಸೇರಿಸಿ ತೆಗೆಯುವ ಸಿಜಿಪಿಎಗೂ ಇದೇ ಸೂತ್ರ. ವಿಷಯದ ಜಾಗದಲ್ಲಿ ಸೆಮಿಸ್ಟರ್, ಗ್ರೇಡ್ ಪಾಯಿಂಟ್ ಜಾಗದಲ್ಲಿ ಆ ಸೆಮಿಸ್ಟರ್‌ನ ಎಸ್‌ಜಿಪಿಎ. 22 ಕ್ರೆಡಿಟ್‌ಗೆ 8.27, ಮುಂದಿನ ಸೆಮಿಸ್ಟರ್‌ನ 18 ಕ್ರೆಡಿಟ್‌ಗೆ 7.10 ಬಂದರೆ ಸಿಜಿಪಿಎ 7.74. ಎರಡರ ಸರಳ ಸರಾಸರಿ 7.69 ಅಲ್ಲ.

ಹಾಳೆ ಸರಿಯಿದೆಯೇ ಎಂದು ನೋಡಲು ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಬೇಕು. ಎಲ್ಲ ವಿಷಯಕ್ಕೂ B+ ತುಂಬಿದರೆ ಎಸ್‌ಜಿಪಿಎ 7.00 ಬರಲೇಬೇಕು. ಇದು ಪಟ್ಟಿಯ ಪರೀಕ್ಷೆ ಮಾತ್ರ. ಒಂದು ಕ್ರೆಡಿಟ್ ಪಠ್ಯವಾಗಿದ್ದರೂ ಎರಡೂ ಮೊತ್ತಗಳಿಂದ ಅದು ಸಮನಾಗಿ ಬಿಟ್ಟುಹೋಗಿ 7.00 ಹಾಗೆಯೇ ಉಳಿಯುತ್ತದೆ. ಆ ದೋಷವನ್ನು COUNT ಪರೀಕ್ಷೆಯೇ ಹಿಡಿಯಬೇಕು. ಯುಜಿಸಿ ಮಾರ್ಗಸೂಚಿಯಲ್ಲೇ ಬಿಡಿಸಿದ ಒಂದು ಉದಾಹರಣೆ ಇದೆ: ಆರು ವಿಷಯ, ಕ್ರೆಡಿಟ್ 3, 4, 3, 3, 3, 4, ಗ್ರೇಡ್ ಕ್ರಮವಾಗಿ A, B+, B, O, C, B. ಗುಣಲಬ್ಧಗಳ ಮೊತ್ತ 139, ಕ್ರೆಡಿಟ್ 20, ಎಸ್‌ಜಿಪಿಎ 6.95. ಹೊಸದಾಗಿ ಕಟ್ಟಿದ ಹಾಳೆಗೆ ಮೊದಲು ಈ ಆರು ಸಾಲುಗಳನ್ನೇ ತುಂಬಿ ನೋಡಬೇಕು. 6.95 ಬಂದ ಮೇಲೆ ಸ್ವಂತ ಗ್ರೇಡ್‌ಗಳನ್ನು ಬರೆಯಬಹುದು.

ಇಷ್ಟಾದ ಮೇಲೂ ಹಾಳೆಯ ಉತ್ತರಕ್ಕೂ ಅಚ್ಚಾದ ಅಂಕಪಟ್ಟಿಗೂ ವ್ಯತ್ಯಾಸ ಕಂಡರೆ, ಮೊದಲು ಕ್ರೆಡಿಟ್ ಮೊತ್ತ, ಆಮೇಲೆ G ಮತ್ತು H ಕಾಲಂನ ಒಂಬತ್ತು ಸಾಲು, ಕೊನೆಗೆ ಒಂದೊಂದೇ ವಿಷಯದ ಗುಣಲಬ್ಧವನ್ನು ಕೈಯಿಂದ ತಾಳೆ ನೋಡಬೇಕು. ಮೂರೂ ಸರಿಯಿದ್ದರೆ ಆ ಹಾಳೆಯ ಮುದ್ರಿತ ಪ್ರತಿಯನ್ನು ಲಗತ್ತಿಸಿ ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಡಲು ವಿದ್ಯಾರ್ಥಿ ಹಿಂಜರಿಯಬಾರದು.